ಕೆಲಸ ಬದಲಿಸಿದ ವರ್ಷ ಸಂಬಳದ ತೆರಿಗೆ ಲೆಕ್ಕ ತಪ್ಪುವುದು ಯಾಕೆ? ಟಿಡಿಎಸ್ ಒಳಗಿನ ಲೆಕ್ಕಾಚಾರ

ಜನವರಿ, ಫೆಬ್ರವರಿ ಬಂತೆಂದರೆ ಪುಣೆಯ ಹಿಂಜವಡಿ, ಖರಾಡಿ ಕಡೆ ಕೆಲಸ ಮಾಡುವ ನಮ್ಮ ಕನ್ನಡದವರ ನಡುವೆ ಒಂದು ಪ್ರಶ್ನೆ ಸುತ್ತಾಡುತ್ತದೆ: "ಈ ತಿಂಗಳು ಸಂಬಳ ಇಷ್ಟು ಕಡಿಮೆ ಯಾಕೆ ಬಂತು?" ಕೇಳುವವರಲ್ಲಿ ಬಹಳ ಜನ ಆ ವರ್ಷದ ಮಧ್ಯದಲ್ಲಿ ಕಂಪನಿ ಬದಲಿಸಿದವರು. ಇನ್ನು ಕೆಲವರದು ಉಲ್ಟಾ ಕಥೆ. ಮಾರ್ಚ್‌ವರೆಗೆ ಒಂದು ಪೈಸೆಯೂ ಕಟ್ ಆಗಿರುವುದಿಲ್ಲ, ಸಂಬಳ ಪೂರ್ತಿ ಬಂತು ಅಂತ ಖುಷಿಯಾಗಿರುತ್ತಾರೆ. ಜುಲೈನಲ್ಲಿ ರಿಟರ್ನ್ ತುಂಬಲು ಕೂತಾಗ ಎಪ್ಪತ್ತು ಸಾವಿರ ಬಾಕಿ ಅಂತ ತೋರಿಸುತ್ತದೆ.

ಎರಡೂ ಕಥೆಯ ಕಾರಣ ಒಂದೇ. ಅದು ತಿಳಿಯಬೇಕಾದರೆ, ಹಣ ಕೊಡುವಾಗಲೇ ತೆರಿಗೆ ಹಿಡಿದುಕೊಳ್ಳುವ ಟಿಡಿಎಸ್ ಅನ್ನುವ ವ್ಯವಸ್ಥೆ ಒಳಗೆ ಹೇಗೆ ಓಡುತ್ತದೆ ಅಂತ ನೋಡಬೇಕು. ಈ ಲೇಖನದ ಲೆಕ್ಕ ಎಲ್ಲ 2025-26ರ ಹಣಕಾಸು ವರ್ಷದ್ದು, ಹೊಸ ತೆರಿಗೆ ಪದ್ಧತಿಯದ್ದು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬರುವುದರಿಂದ ಸೆಕ್ಷನ್, ಫಾರ್ಮುಗಳ ಸಂಖ್ಯೆ ಬದಲಾಗುತ್ತವೆ. ಹಿಡಿಯುವ ಕ್ರಮ ಮಾತ್ರ ಅದೇ. ಇಲ್ಲಿ ಜನರ ಬಾಯಲ್ಲಿರುವ ಹಳೆಯ ಹೆಸರುಗಳನ್ನೇ ಬಳಸುತ್ತೇನೆ.

## ಹಿಡಿಯುವವರು ಯಾರು, ಕಟ್ಟುವವರು ಯಾರು

ಬೆಳಗಾವಿ, ಕೊಲ್ಹಾಪುರ ಕಡೆಯವರಿಗೆ ಕಬ್ಬಿನ ಬಿಲ್ಲು ಗೊತ್ತು. ರೈತ ಸೊಸೈಟಿಯಲ್ಲಿ ಬೆಳೆಸಾಲ ಮಾಡಿರುತ್ತಾನೆ. ಕಬ್ಬನ್ನು ಕಾರ್ಖಾನೆಗೆ ಕಳಿಸುತ್ತಾನೆ. ಕಾರ್ಖಾನೆಯವರು ಬಿಲ್ಲಿನಿಂದ ಸೊಸೈಟಿಯ ಸಾಲ ಮುರಿದುಕೊಂಡು, ಅದನ್ನು ನೇರ ಸೊಸೈಟಿಗೆ ಕೊಟ್ಟು, ಉಳಿದದ್ದನ್ನು ರೈತನ ಖಾತೆಗೆ ಹಾಕುತ್ತಾರೆ. ಸಾಲ ರೈತನದು. ತೀರಿಸುವ ಹಣವೂ ಅವನದೇ. ಕಾರ್ಖಾನೆ ಬರೀ ನಡುವೆ ನಿಂತು ಹಿಡಿದು ಕೊಡುತ್ತದೆ. ಸೊಸೈಟಿಯವರು ಊರೂರು ತಿರುಗಿ ಮನೆಮನೆ ಬಾಗಿಲು ತಟ್ಟುವುದು ತಪ್ಪುತ್ತದೆ.

ಟಿಡಿಎಸ್ ಕೂಡ ಹೀಗೇ. ಹಣ ಕೊಡುವವರು, ಕೊಡುವ ಹೊತ್ತಿಗೇ, ಪಡೆಯುವವರ ಹೆಸರಿನಲ್ಲಿ ಒಂದು ಭಾಗ ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. ಸಂಬಳವಾದರೆ ಕಂಪನಿ, ಎಫ್‌ಡಿ ಬಡ್ಡಿಯಾದರೆ ಬ್ಯಾಂಕು, ಗುತ್ತಿಗೆಯಾದರೆ ಕೆಲಸ ಕೊಟ್ಟವರು. ಹಿಡಿಯುವವರಿಗೆ ಟ್ಯಾನ್ ಅನ್ನುವ ಸಂಖ್ಯೆ ಇರುತ್ತದೆ, ಪಡೆಯುವವರಿಗೆ ಪ್ಯಾನ್. ಕಟ್ಟಿದ ಹಣ ಯಾರದು ಅಂತ ಸರ್ಕಾರಕ್ಕೆ ಗೊತ್ತಾಗುವುದು ಈ ಎರಡು ಸಂಖ್ಯೆಗಳ ಜೋಡಿಯಿಂದ.

"ಟಿಡಿಎಸ್ ಕಟ್ಟಾಗಿದೆಯಲ್ಲ, ಮತ್ತೆ ಇನ್‌ಕಮ್ ಟ್ಯಾಕ್ಸ್ ಯಾಕೆ ಕಟ್ಟಬೇಕು?" ಅಂತ ತುಂಬಾ ಜನ ಕೇಳುತ್ತಾರೆ. ಟಿಡಿಎಸ್ ಬೇರೆ ತೆರಿಗೆ ಅಲ್ಲ. ವರ್ಷದ ಕೊನೆಗೆ ನಿಮ್ಮ ಮೇಲೆ ಬೀಳುವ ಆದಾಯ ತೆರಿಗೆಗೆ ಮುಂಚೆಯೇ ಜಮಾ ಆದ ಹಣ ಅದು. ರಿಟರ್ನ್ ಹಾಕುವಾಗ ಇಡೀ ವರ್ಷದ ತೆರಿಗೆ ಎಷ್ಟು ಅಂತ ಲೆಕ್ಕ ಹಾಕಿ, ಜಮಾ ಆದದ್ದನ್ನು ಕಳೆಯುತ್ತೀರಿ. ಕಡಿಮೆ ಬಿದ್ದರೆ ಕಟ್ಟುತ್ತೀರಿ, ಜಾಸ್ತಿ ಆಗಿದ್ದರೆ ವಾಪಸ್ ಬರುತ್ತದೆ.

ಪುಣೆ, ಮುಂಬೈ ಕಡೆಯವರು ಇನ್ನೊಂದು ಗಮನಿಸಿ. ಪೇ ಸ್ಲಿಪ್ಪಿನಲ್ಲಿ ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300 ರೂಪಾಯಿ ಪ್ರೊಫೆಶನಲ್ ಟ್ಯಾಕ್ಸ್ ಅಂತ ಇರುತ್ತದಲ್ಲ, ಅದು ಟಿಡಿಎಸ್ ಅಲ್ಲ. ಅದು ಮಹಾರಾಷ್ಟ್ರ ಸರ್ಕಾರಕ್ಕೆ ಹೋಗುವ ಹಣ. ಆದಾಯ ತೆರಿಗೆಯ ಲೆಕ್ಕಕ್ಕೆ ಅದು ಜಮಾ ಆಗುವುದಿಲ್ಲ.

## ಪೇರೋಲ್‌ನಲ್ಲಿ ನಡೆಯುವ ಅಂದಾಜು

ಸಂಬಳದ ಟಿಡಿಎಸ್‌ಗೆ ಇಂತಿಷ್ಟು ಶೇಕಡಾ ಅನ್ನುವ ಸ್ಥಿರ ದರ ಇಲ್ಲ. ಕಂಪನಿ ವರ್ಷದ ಶುರುವಿನಲ್ಲೇ ಇಡೀ ವರ್ಷದ ಸಂಬಳ ಎಷ್ಟಾಗಬಹುದು ಅಂತ ಅಂದಾಜು ಮಾಡಬೇಕು. ಅದರ ಮೇಲೆ ಸ್ಲ್ಯಾಬ್ ಪ್ರಕಾರ ತೆರಿಗೆ ಲೆಕ್ಕ ಹಾಕಬೇಕು. ಆಮೇಲೆ ಆ ತೆರಿಗೆಯನ್ನು ತಿಂಗಳುಗಳಿಗೆ ಹಂಚಬೇಕು.

ಒಂದು ಉದಾಹರಣೆ ಹಿಡಿಯೋಣ. ಧಾರವಾಡದಿಂದ ಬಂದು ಹಿಂಜವಡಿಯ ಕಂಪನಿಯಲ್ಲಿ ತಿಂಗಳಿಗೆ 1,25,000 ರೂಪಾಯಿ ಸಂಬಳ ಪಡೆಯುವ ಒಬ್ಬ ಹುಡುಗಿ ಅಂದುಕೊಳ್ಳಿ. ಬೇರೆ ಆದಾಯ ಇಲ್ಲ. ವರ್ಷಕ್ಕೆ 15,00,000. ಇದರಲ್ಲಿ ಸಂಬಳದವರಿಗೆಲ್ಲ ಸಿಗುವ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 14,25,000 ಉಳಿಯುತ್ತದೆ.

ಈಗ ಸ್ಲ್ಯಾಬ್. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. 4ರಿಂದ 8 ಲಕ್ಷದವರೆಗೆ ಶೇ. 5, ಅಂದರೆ 20,000. 8ರಿಂದ 12 ಲಕ್ಷದವರೆಗೆ ಶೇ. 10, ಅಂದರೆ 40,000. ಮೇಲಿನ 2,25,000ಕ್ಕೆ ಶೇ. 15, ಅಂದರೆ 33,750. ಒಟ್ಟು 93,750. ಅದರ ಮೇಲೆ ಶೇ. 4ರ ಸೆಸ್ 3,750. ಎಲ್ಲ ಸೇರಿ 97,500. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 8,125 ರೂಪಾಯಿ. ಅವಳ ಪೇ ಸ್ಲಿಪ್ಪಿನಲ್ಲಿ ಕಾಣುವ ಸಂಖ್ಯೆ ಇದೇ.

ಈ ಅಂದಾಜು ಏಪ್ರಿಲ್‌ನಲ್ಲಿ ಮಾಡಿ ಬೀಗ ಹಾಕಿಡುವಂಥದ್ದಲ್ಲ. ವರ್ಷದ ಮಧ್ಯ ಬೋನಸ್ ಬಂದರೆ, ಸಂಬಳ ಏರಿದರೆ, ಕಂಪನಿ ಹೊಸದಾಗಿ ವಾರ್ಷಿಕ ಲೆಕ್ಕ ಹಾಕುತ್ತದೆ. ಈವರೆಗೆ ಹಿಡಿದದ್ದನ್ನು ಕಳೆದು, ಉಳಿದ ತೆರಿಗೆಯನ್ನು ಉಳಿದ ತಿಂಗಳುಗಳಿಗೆ ಹಂಚುತ್ತದೆ. ಹಳೆಯ ಪದ್ಧತಿ ಆರಿಸಿಕೊಂಡವರ ಕಥೆಯೂ ಇದೇ. ಬಾಡಿಗೆ, ವಿಮೆಯ ರಶೀದಿ ಕೊಡುತ್ತೇನೆ ಅಂತ ಏಪ್ರಿಲ್‌ನಲ್ಲಿ ಹೇಳಿರುತ್ತಾರೆ. ಜನವರಿ ಹೊತ್ತಿಗೆ ಎಚ್‌ಆರ್ ಕೇಳಿದಾಗ ರಶೀದಿ ಕೊಡದಿದ್ದರೆ, ಇಡೀ ವರ್ಷ ಕಡಿಮೆ ಹಿಡಿದದ್ದು ಕೊನೆಯ ಎರಡು ಮೂರು ತಿಂಗಳ ಸಂಬಳದ ಮೇಲೆ ಬಂದು ಬೀಳುತ್ತದೆ. ಮಾರ್ಚ್ ಸಂಬಳ ಸಣ್ಣದಾಗುವುದಕ್ಕೆ ಇದು ಒಂದು ಕಾರಣ.

## ಅಕ್ಟೋಬರ್‌ನಲ್ಲಿ ಹೊಸ ಕಂಪನಿ

ನಮ್ಮ ಧಾರವಾಡದ ಹುಡುಗಿ ಸೆಪ್ಟೆಂಬರ್ ಕೊನೆಗೆ ಕೆಲಸ ಬಿಟ್ಟಳು. ಆ ಹೊತ್ತಿಗೆ ಆರು ತಿಂಗಳ ಸಂಬಳ 7,50,000 ಬಂದಿತ್ತು, 48,750 ಟಿಡಿಎಸ್ ಹೋಗಿತ್ತು. ಅಕ್ಟೋಬರ್‌ನಿಂದ ಖರಾಡಿಯ ಇನ್ನೊಂದು ಕಂಪನಿ. ಸಂಬಳ ತಿಂಗಳಿಗೆ 1,50,000. ಮಾರ್ಚ್‌ವರೆಗೆ ಆರು ತಿಂಗಳಿಗೆ 9,00,000.

ಹೊಸ ಕಂಪನಿಗೆ ಹಳೆಯ ಕಂಪನಿಯ ಸಂಬಳ ಗೊತ್ತಿಲ್ಲ. ಕಾನೂನಿನ ಪ್ರಕಾರ ಅದು ತಾನು ಕೊಡುವ ಸಂಬಳದ ಲೆಕ್ಕ ಹಾಕಿದರೆ ಸಾಕು. 9,00,000ದಲ್ಲಿ 75,000 ಕಳೆದರೆ 8,25,000. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಹಾಗಾಗಿ ಹೊಸ ಕಂಪನಿ ಹಿಡಿಯುವ ಟಿಡಿಎಸ್ ಸೊನ್ನೆ. ಅವಳಿಗೆ ತಿಂಗಳಿಗೆ 12,000 ಜಾಸ್ತಿ ಸಿಕ್ಕ ಹಾಗೆ ಕಾಣುತ್ತದೆ.

ಆದರೆ ಆದಾಯ ತೆರಿಗೆ ಲೆಕ್ಕ ಆಗುವುದು ವ್ಯಕ್ತಿಯ ಮೇಲೆ, ಕಂಪನಿಗೊಂದರಂತೆ ಅಲ್ಲ. ಅವಳ ನಿಜವಾದ ಸಂಬಳ 16,50,000. ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದೇ ಸಲ. ಉಳಿದದ್ದು 15,75,000. 12 ಲಕ್ಷದವರೆಗಿನ ಸ್ಲ್ಯಾಬಿಗೆ 60,000, ಮೇಲಿನ 3,75,000ಕ್ಕೆ ಶೇ. 15ರಂತೆ 56,250. ಒಟ್ಟು 1,16,250. ಸೆಸ್ ಸೇರಿ 1,20,900. ಜಮಾ ಆಗಿರುವುದು ಬರೀ 48,750. ಬಾಕಿ 72,150 ರೂಪಾಯಿ.

ಎಲ್ಲಿ ತಪ್ಪಿತು? ಯಾರೂ ಮೋಸ ಮಾಡಿಲ್ಲ. ಕೆಳಗಿನ ಸ್ಲ್ಯಾಬುಗಳ ಲಾಭ ಮತ್ತು 75,000ದ ಕಡಿತ ಎರಡು ಕಡೆ ಎರಡು ಸಲ ಲೆಕ್ಕಕ್ಕೆ ಬಂದವು. ಹೊಸ ಕಂಪನಿ ಅವಳಿಗೆ ಸಲ್ಲದ ರಿಬೇಟನ್ನೂ ಕೊಟ್ಟಿತು. ಪ್ರತಿಯೊಂದು ಕಂಪನಿಯ ಲೆಕ್ಕ ಅದರದರ ಮಟ್ಟಿಗೆ ಸರಿ. ಕೂಡಿಸಿದಾಗ ತಪ್ಪು.

ಇದನ್ನು ತಡೆಯುವ ದಾರಿ ಫಾರ್ಮ್ 12ಬಿ. ಹಳೆಯ ಕಂಪನಿಯಲ್ಲಿ ಎಷ್ಟು ಸಂಬಳ ಬಂತು, ಎಷ್ಟು ಟಿಡಿಎಸ್ ಹೋಯಿತು ಅಂತ ಬರೆದು ಹೊಸ ಕಂಪನಿಗೆ ಕೊಡುವ ಪತ್ರ ಅದು. ಅವಳು ಅಕ್ಟೋಬರ್‌ನಲ್ಲೇ ಕೊಟ್ಟಿದ್ದರೆ ಹೊಸ ಕಂಪನಿ 72,150ನ್ನು ಆರು ತಿಂಗಳಿಗೆ ಹಂಚಿ ತಿಂಗಳಿಗೆ 12,025 ಹಿಡಿಯುತ್ತಿತ್ತು. ಜನವರಿಯಲ್ಲಿ ಕೊಟ್ಟರೆ ಉಳಿದಿರುವುದು ಮೂರೇ ತಿಂಗಳು, ತಿಂಗಳಿಗೆ 24,050. ಫೆಬ್ರವರಿಯಲ್ಲಿ ನೆನಪಾದರೆ ಎರಡು ತಿಂಗಳು 36,075. ಲೇಖನದ ಮೊದಲಲ್ಲಿ ಹೇಳಿದ ಸಣ್ಣ ಸಂಬಳದ ಗುಟ್ಟು ಇಷ್ಟೇ.

ಕೊಡಲೇ ಇಲ್ಲ ಅಂದರೆ? ಟಿಡಿಎಸ್ ಕಳೆದು ಉಳಿಯುವ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅದನ್ನು ವರ್ಷದೊಳಗೇ ನಾಲ್ಕು ಕಂತಿನಲ್ಲಿ ಅಡ್ವಾನ್ಸ್ ಟ್ಯಾಕ್ಸ್ ಆಗಿ ಕಟ್ಟಬೇಕು ಅನ್ನುತ್ತದೆ ಕಾಯ್ದೆ. ಕಟ್ಟದಿದ್ದರೆ ತಿಂಗಳಿಗೆ ಶೇ. 1ರಂತೆ ಎರಡು ಬಗೆಯ ಬಡ್ಡಿ. ಒಂದು ಕಂತು ತಪ್ಪಿದ್ದಕ್ಕೆ, ಇನ್ನೊಂದು ಏಪ್ರಿಲ್‌ನಿಂದ ಕಟ್ಟುವ ತಿಂಗಳವರೆಗೆ. ನಮ್ಮ ಹುಡುಗಿ ಜುಲೈನಲ್ಲಿ ಬಾಕಿ ಕಟ್ಟಿದರೆ ಬಡ್ಡಿಯೇ ಸುಮಾರು 6,500 ರೂಪಾಯಿ ಆಗುತ್ತದೆ.

ಇಲ್ಲಿ ಒಂದು ಉಪಯೋಗದ ವಿಷಯ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಫೆಬ್ರವರಿಯಲ್ಲಿ ತಪ್ಪು ಗೊತ್ತಾಯಿತು ಅನ್ನಿ. ಅವಳೇ ಮಾರ್ಚ್ 15ರೊಳಗೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬಹುದು. ಆಗಲೂ ಹಿಂದಿನ ಮೂರು ಕಂತು ತಪ್ಪಿದ್ದಕ್ಕೆ ಸುಮಾರು 2,900 ರೂಪಾಯಿ ಬಡ್ಡಿ ಬೀಳುತ್ತದೆ. ಅದರ ಬದಲು ಕಂಪನಿಗೆ ಹೇಳಿ ಫೆಬ್ರವರಿ, ಮಾರ್ಚ್ ಸಂಬಳದಿಂದಲೇ ಹಿಡಿಸಿದರೆ ಬಡ್ಡಿಯೇ ಇಲ್ಲ. ಯಾಕೆಂದರೆ ಕಂತಿನ ಬಡ್ಡಿ ಲೆಕ್ಕ ಹಾಕುವಾಗ ಮೊದಲು ಇಡೀ ವರ್ಷದ ಟಿಡಿಎಸ್ ಕಳೆಯುತ್ತಾರೆ. ಅದು ಯಾವ ತಿಂಗಳಲ್ಲಿ ಹಿಡಿದದ್ದು ಅಂತ ನೋಡುವುದಿಲ್ಲ. ಕೈಗೆ ಬರುವ ಸಂಬಳ ಎರಡು ತಿಂಗಳು ಬಿಗಿಯಾದರೂ ಲೆಕ್ಕದಲ್ಲಿ ಇದೇ ಒಳ್ಳೆಯದು.

## ಸ್ಥಿರ ದರದ ಟಿಡಿಎಸ್

ಸಂಬಳ ಬಿಟ್ಟು ಉಳಿದ ಕಡೆ ಈ ಅಂದಾಜಿನ ಕೆಲಸ ಇಲ್ಲ. ಬ್ಯಾಂಕಿಗೆ ನಿಮ್ಮ ಒಟ್ಟು ಆದಾಯ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಹಾಗಾಗಿ ಕಾನೂನು ಒಂದು ಸ್ಥಿರ ದರ ಹೇಳಿ ಬಿಡುತ್ತದೆ. ಅದು ಕೆಲವರಿಗೆ ಕಡಿಮೆ ಬೀಳುತ್ತದೆ, ಕೆಲವರಿಗೆ ಜಾಸ್ತಿ.

ನಮ್ಮ ಹುಡುಗಿಗೆ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 60,000 ರೂಪಾಯಿ ಎಫ್‌ಡಿ ಬಡ್ಡಿಯೂ ಬರುತ್ತದೆ ಅನ್ನಿ. 50,000 ದಾಟಿದ್ದರಿಂದ ಬ್ಯಾಂಕು ಶೇ. 10ರಂತೆ 6,000 ಹಿಡಿಯುತ್ತದೆ. ಆದರೆ ಈ ಬಡ್ಡಿ ಅವಳ 15,75,000ದ ಮೇಲೆ ಕೂರುತ್ತದೆ. 25,000ಕ್ಕೆ ಶೇ. 15, ಉಳಿದ 35,000ಕ್ಕೆ ಶೇ. 20. ಸೆಸ್ ಸೇರಿ ಬೀಳುವ ತೆರಿಗೆ 11,180. "ಬ್ಯಾಂಕಿನವರು ಕಟ್ ಮಾಡಿದ್ದಾರೆ, ಮುಗಿಯಿತು" ಅಂತ ಸುಮ್ಮನೆ ಕೂತರೆ 5,180 ಬಾಕಿ ಉಳಿಯುತ್ತದೆ.

ಈಗ ಇನ್ನೊಂದು ತುದಿ ನೋಡಿ. ಪಿಂಪ್ರಿಯಲ್ಲಿ ಮನೆಯಲ್ಲೇ ಅಡುಗೆ ಮಾಡಿ ಒಂದು ಕಂಪನಿಗೆ ಊಟ ಪೂರೈಸುವ ಅಕ್ಕ ಒಬ್ಬರಿದ್ದಾರೆ ಅಂದುಕೊಳ್ಳಿ. ಬಿಲ್ಲು ತಿಂಗಳಿಗೆ 80,000. ಕಾಯ್ದೆಯ ಪ್ರಕಾರ ಕೇಟರಿಂಗ್ ಗುತ್ತಿಗೆ ಕೆಲಸದ ಲೆಕ್ಕಕ್ಕೆ ಬರುತ್ತದೆ, ವ್ಯಕ್ತಿಗಳಿಗೆ ಶೇ. 1. ತಿಂಗಳಿಗೆ 800, ವರ್ಷಕ್ಕೆ 9,600 ಹಿಡಿಯುತ್ತಾರೆ. ಅಕ್ಕಿ, ಬೇಳೆ, ಗ್ಯಾಸು, ಕೆಲಸದವರ ಕೂಲಿ ಎಲ್ಲ ಕಳೆದು ಅವರಿಗೆ ಉಳಿಯುವುದು ವರ್ಷಕ್ಕೆ 3 ಲಕ್ಷ. ಅದಕ್ಕೆ ತೆರಿಗೆಯೇ ಇಲ್ಲ. ಹಿಡಿದ 9,600 ಪೂರ್ತಿ ಅವರದೇ. ಆದರೆ ರಿಟರ್ನ್ ಹಾಕದಿದ್ದರೆ ಅದು ತಾನಾಗಿ ವಾಪಸ್ ಬರುವುದಿಲ್ಲ. ಚಿಕ್ಕ ವ್ಯಾಪಾರದವರು ತುಂಬಾ ಜನ ಈ ಹಣ ಬಿಟ್ಟುಬಿಡುತ್ತಾರೆ. ನನಗೆ ಇದು ನಿಜವಾಗಿ ನೋವು ಕೊಡುವ ವಿಷಯ, ಏಕೆಂದರೆ ಅವರಿಗೆ ಆ ಹಣ ದೊಡ್ಡದು.

ಪ್ಯಾನ್ ಕೊಡದಿದ್ದರೆ ಸಾಮಾನ್ಯವಾಗಿ ಶೇ. 20 ಹಿಡಿಯುತ್ತಾರೆ. ಅದೂ ಲಾಭದ ಮೇಲಲ್ಲ, ಪೂರ್ತಿ ಬಿಲ್ಲಿನ ಮೇಲೆ. ಆ ಅಕ್ಕನ 80,000ದ ಬಿಲ್ಲಿನಲ್ಲಿ 16,000 ಹೋದರೆ ಮುಂದಿನ ತಿಂಗಳ ಸಾಮಾನು ತರುವುದಕ್ಕೇ ಕಷ್ಟ. ಹಿಡಿಯುವ ಕಡೆಗೆ ಪ್ಯಾನ್ ಸರಿಯಾಗಿ ಬರೆದು ಕೊಡುವುದು ಅಷ್ಟು ಮುಖ್ಯ.

## ಹಿಡಿದ ಹಣ ಸರ್ಕಾರಕ್ಕೆ ಮುಟ್ಟಿತಾ?

ಪೇ ಸ್ಲಿಪ್ಪಿನಲ್ಲಿ ಟಿಡಿಎಸ್ ಅಂತ ಬರೆದರೆ ಹಿಡಿದಿದ್ದಾರೆ ಅಂತ ಅರ್ಥ, ಕಟ್ಟಿದ್ದಾರೆ ಅಂತಲ್ಲ. ನಡುವೆ ಎರಡು ಹೆಜ್ಜೆ ಇವೆ.

ಮೊದಲನೆಯದು ಹಣ ಕಟ್ಟುವುದು. ಒಂದು ತಿಂಗಳಲ್ಲಿ ಹಿಡಿದದ್ದನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಸಮಯ. ಎರಡನೆಯದು ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸುವುದು. ಕಂಪನಿ ಕಟ್ಟುವಾಗ ಎಲ್ಲರದೂ ಸೇರಿಸಿ ಒಂದೇ ಮೊತ್ತ ಕಟ್ಟಿರುತ್ತದೆ. ಅದರಲ್ಲಿ ಯಾವ ಪ್ಯಾನಿಗೆ ಎಷ್ಟು ಅಂತ ಹೇಳುವುದು ಈ ವಿವರದಲ್ಲಿ. ಈ ಎರಡನೇ ಹೆಜ್ಜೆ ಆಗುವ ತನಕ ಸರ್ಕಾರದ ಹತ್ತಿರ ಹಣ ಇದ್ದರೂ ನಿಮ್ಮ ಹೆಸರಿಗೆ ಜಮಾ ಕಾಣುವುದಿಲ್ಲ.

ನೋಡುವ ಜಾಗ ಫಾರ್ಮ್ 26ಎಎಸ್. ಆದಾಯ ತೆರಿಗೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಲಾಗಿನ್ ಆದರೆ ಸಿಗುತ್ತದೆ. ಕಂಪನಿಯ ಹೆಸರಿನ ಕೆಳಗೆ ಪ್ರತಿ ತಿಂಗಳ ಸಾಲು ಇರುತ್ತದೆ. ಹಿಡಿದದ್ದು ಎಷ್ಟು, ಕಟ್ಟಿದ್ದು ಎಷ್ಟು ಅಂತ ಬೇರೆ ಬೇರೆ ಕಾಲಂ. ಪಕ್ಕದಲ್ಲಿ ಒಂದು ಅಕ್ಷರ. `F` ಇದ್ದರೆ ಜಮಾ ಖಚಿತ. `U` ಇದ್ದರೆ ಕಂಪನಿ ಹೇಳಿದ ಲೆಕ್ಕಕ್ಕೂ ಬ್ಯಾಂಕಿಗೆ ಬಂದ ಹಣಕ್ಕೂ ತಾಳೆಯಾಗಿಲ್ಲ ಅಂತ ಅರ್ಥ.

ಜನವರಿಯಿಂದ ಮಾರ್ಚ್‌ವರೆಗಿನ ವಿವರ ಕೊಡಲು ಕಂಪನಿಗೆ ಮೇ 31ರವರೆಗೆ ಸಮಯ ಇರುತ್ತದೆ. ಹಾಗಾಗಿ ಏಪ್ರಿಲ್‌ನಲ್ಲೇ ನೋಡಿ ಕೊನೆಯ ಮೂರು ತಿಂಗಳು ಕಾಣಲಿಲ್ಲ ಅಂತ ಗಾಬರಿ ಬೇಡ. ಜೂನ್ 15ರೊಳಗೆ ಫಾರ್ಮ್ 16 ಕೈಗೆ ಬರಬೇಕು. ಆಗ ಪೇ ಸ್ಲಿಪ್ಪು, ಫಾರ್ಮ್ 16, 26ಎಎಸ್ ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಕೆಲಸ ಬದಲಿಸಿದವರಿಗೆ ಎರಡು ಫಾರ್ಮ್ 16 ಬರುತ್ತವೆ. ಎರಡನ್ನೂ ಸೇರಿಸಿಯೇ ರಿಟರ್ನ್ ಹಾಕಬೇಕು.

ಜೂನ್ ಮಧ್ಯದ ನಂತರವೂ ಕಾಣದಿದ್ದರೆ ಸಾಮಾನ್ಯವಾಗಿ ಎರಡರಲ್ಲೊಂದು ಆಗಿರುತ್ತದೆ. ಪ್ಯಾನ್ ತಪ್ಪಾಗಿ ಟೈಪ್ ಆಗಿ ಹಣ ಬೇರೆಯವರ ಹೆಸರಿಗೆ ಹೋಗಿರಬಹುದು. ಇದನ್ನು ನೀವು ಸರಿಮಾಡಲು ಆಗದು. ಹಿಡಿದ ಕಂಪನಿಯೇ ತಿದ್ದುಪಡಿ ವಿವರ ಸಲ್ಲಿಸಬೇಕು. ಇಲ್ಲವೇ ಕಂಪನಿ ಹಿಡಿದು, ಕಟ್ಟದೆ ಇಟ್ಟುಕೊಂಡಿರಬಹುದು. ಮುಳುಗುತ್ತಿರುವ ಕಂಪನಿಗಳಲ್ಲಿ ಇದು ಆಗುತ್ತದೆ. ಕಾನೂನು ಅವರನ್ನು ಹಗುರಾಗಿ ಬಿಡುವುದಿಲ್ಲ. ತಿಂಗಳಿಗೆ ಶೇ. 1.5 ಬಡ್ಡಿ, 1961ರ ಕಾಯ್ದೆಯಲ್ಲಿ ಕೇಸು ನಡೆದರೆ ಮೂರು ತಿಂಗಳಿಂದ ಏಳು ವರ್ಷದವರೆಗೆ ಜೈಲು.

ಆದರೆ ನೌಕರನ ಗತಿ? 1961ರ ಕಾಯ್ದೆಯ ಸೆಕ್ಷನ್ 205 ಇದನ್ನು ನೇರವಾಗಿ ಹೇಳಿತ್ತು. ಮೂಲದಲ್ಲಿ ತೆರಿಗೆ ಹಿಡಿದಾಗಿದ್ದರೆ, ಅಷ್ಟು ಮೊತ್ತವನ್ನು ಮತ್ತೆ ಆ ವ್ಯಕ್ತಿಯಿಂದ ಕೇಳುವಂತಿಲ್ಲ. ಬಾಂಬೆ ಹೈಕೋರ್ಟ್ 2007ರ ಒಂದು ತೀರ್ಪಿನಲ್ಲಿ ಇದನ್ನೇ ಎತ್ತಿಹಿಡಿಯಿತು. ನೇರ ತೆರಿಗೆಗಳ ಕೇಂದ್ರ ಮಂಡಳಿಯೂ 2015ರಲ್ಲಿ ಅಧಿಕಾರಿಗಳಿಗೆ ಹೀಗೆ ವಸೂಲಿ ಮಾಡಬಾರದು ಅಂತ ತಿಳಿಸಿತು. ಹಾಗಿದ್ದರೂ ಕಂಪ್ಯೂಟರ್ 26ಎಎಸ್ ನೋಡಿ ನೋಟಿಸ್ ಕಳಿಸಿಬಿಡುತ್ತದೆ. ಆಗ ಹಿಡಿದದ್ದಕ್ಕೆ ಸಾಕ್ಷಿ ಬೇಕು. ಪೇ ಸ್ಲಿಪ್ಪು, ಮತ್ತು ಕಡಿತದ ನಂತರದ ಸಂಬಳ ಬಂದದ್ದು ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್. ಕಂಪನಿ ಬಿಡುವ ದಿನವೇ ಎಲ್ಲ ಪೇ ಸ್ಲಿಪ್ಪು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಐಡಿ ಬಂದ್ ಆದಮೇಲೆ ಅವು ಸಿಗುವುದು ಕಷ್ಟ.

## ಸರ್ಕಾರಗಳಿಗೆ ಈ ದಾರಿ ಯಾಕೆ ಇಷ್ಟ

ಮೊದಲ ಕಾರಣ ಸಮಯ. ಟಿಡಿಎಸ್ ಮತ್ತು ಅಡ್ವಾನ್ಸ್ ಟ್ಯಾಕ್ಸ್ ಎರಡೂ ಇಲ್ಲದೆ ಎಲ್ಲರೂ ರಿಟರ್ನ್ ಹಾಕುವಾಗಲೇ ತೆರಿಗೆ ಕಟ್ಟುವ ಪದ್ಧತಿ ಇದೆ ಅಂದುಕೊಳ್ಳಿ. 2025ರ ಏಪ್ರಿಲ್ ಸಂಬಳದ ತೆರಿಗೆ ಸರ್ಕಾರಕ್ಕೆ ಬರುವುದು 2026ರ ಜುಲೈನಲ್ಲಿ. ಅಷ್ಟರಲ್ಲಿ ಸರ್ಕಾರಿ ನೌಕರರ ಸಂಬಳ, ಪಿಂಚಣಿ, ರಸ್ತೆ ಕಾಮಗಾರಿಯ ಬಿಲ್ಲು ಪ್ರತಿ ತಿಂಗಳು ಕೊಡಬೇಕು. ಅದಕ್ಕೆ ಸಾಲ ಎತ್ತಬೇಕು, ಬಡ್ಡಿ ಕಟ್ಟಬೇಕು. ಪ್ರತಿ ತಿಂಗಳು 7ನೇ ತಾರೀಖಿಗೆ ಬರುವ ಟಿಡಿಎಸ್ ಹಣ ಈ ಅಂತರವನ್ನು ಸಣ್ಣದು ಮಾಡುತ್ತದೆ. ಕಟ್ಟುವವರ ಕಡೆಯಿಂದಲೂ ಒಂದು ಮಾತಿದೆ. ವರ್ಷವಿಡೀ ಪೂರ್ತಿ ಸಂಬಳ ಖರ್ಚು ಮಾಡಿ, ಕೊನೆಗೆ ಒಂದೇ ಸಲ 1,20,900 ಎತ್ತಿ ಕೊಡುವುದು ಎಷ್ಟು ಜನರಿಗೆ ಆಗುತ್ತದೆ?

ಎರಡನೇ ಕಾರಣ ಇನ್ನೂ ದೊಡ್ಡದು. ಟಿಡಿಎಸ್‌ನಲ್ಲಿ ನಿಮ್ಮ ಆದಾಯವನ್ನು ಸರ್ಕಾರಕ್ಕೆ ಹೇಳುವವರು ನೀವಲ್ಲ, ನಿಮಗೆ ಹಣ ಕೊಟ್ಟವರು. ಅದನ್ನು ಮುಚ್ಚಿಡುವುದರಿಂದ ಅವರಿಗೆ ಏನೂ ಲಾಭ ಇಲ್ಲ. ಬದಲಿಗೆ ನಷ್ಟ ಇದೆ. ಹಿಡಿಯಬೇಕಾದ ಟಿಡಿಎಸ್ ಹಿಡಿಯದಿದ್ದರೆ, ಕಂಪನಿ ತನ್ನ ಲಾಭದ ಲೆಕ್ಕದಲ್ಲಿ ಆ ಖರ್ಚಿನ ಶೇ. 30ನ್ನು ತೋರಿಸುವಂತಿಲ್ಲ. ಅದರ ಮೇಲೆ ಕಂಪನಿಯೇ ತೆರಿಗೆ ಕಟ್ಟಬೇಕು. ಹೀಗೆ ಕೊಡುವವರ ಸ್ವಾರ್ಥವೇ ಪಡೆಯುವವರ ಆದಾಯಕ್ಕೆ ಸಾಕ್ಷಿಯಾಗುತ್ತದೆ. ನನ್ನ ಪ್ರಕಾರ ಈ ಇಡೀ ವ್ಯವಸ್ಥೆಯ ಜೀವ ಇರುವುದು ಇಲ್ಲಿ. ಹಣ ಬೇಗ ಬರುವುದು ಅದರ ಜೊತೆಗೆ ಸಿಗುವ ಲಾಭ.

ಇದು ಎಷ್ಟು ಕೆಲಸ ಮಾಡುತ್ತದೆ ಅಂತ ಅಮೆರಿಕದ ತೆರಿಗೆ ಇಲಾಖೆ ಅಳೆದಿದೆ. 2014ರಿಂದ 2016ರ ವರ್ಷಗಳ ಅದರ ಅಂದಾಜಿನಲ್ಲಿ, ಸಂಬಳದ ಹಾಗೆ ಮೂಲದಲ್ಲೇ ತೆರಿಗೆ ಹಿಡಿಯುವ ಆದಾಯದಲ್ಲಿ ಜನ ತಪ್ಪಾಗಿ ತೋರಿಸಿದ್ದು ಶೇ. 1 ಮಾತ್ರ. ಯಾರೂ ಹಿಡಿಯದ, ಬೇರೆ ಯಾರೂ ವರದಿ ಮಾಡದ ಆದಾಯದಲ್ಲಿ ಅದು ಶೇ. 55. ಜನ ಒಂದೇ, ದೇಶ ಒಂದೇ. ಹಣ ಬಂದ ದಾರಿ ಮಾತ್ರ ಬೇರೆ.

ಈ ಗುಟ್ಟು ಸರ್ಕಾರಗಳಿಗೆ ಹಳೆಯದು. ಬ್ರಿಟನ್ನಿನಲ್ಲಿ 1799ರಲ್ಲಿ ಪ್ರಧಾನಿ ಪಿಟ್ ಶೇ. 10ರ ಆದಾಯ ತೆರಿಗೆ ತಂದಾಗ ಜನ ತಾವೇ ಆದಾಯ ಹೇಳಿ ಕಟ್ಟಬೇಕಿತ್ತು. ನಿರೀಕ್ಷಿಸಿದಷ್ಟು ಹಣ ಬರಲಿಲ್ಲ. 1803ರಲ್ಲಿ ಅವರ ನಂತರದ ಪ್ರಧಾನಿ ಆಡಿಂಗ್ಟನ್ ದರವನ್ನು ಶೇ. 5ಕ್ಕೆ ಇಳಿಸಿ, ಎಷ್ಟೋ ಆದಾಯಗಳಿಗೆ ಮೂಲದಲ್ಲೇ ಹಿಡಿಯುವ ಕ್ರಮ ತಂದರು. ದರ ಅರ್ಧವಾದರೂ ವಸೂಲಿ ಅರ್ಧಕ್ಕೆ ಇಳಿಯಲಿಲ್ಲ.

ಸಂಬಳದಿಂದ ತೆರಿಗೆ ಹಿಡಿಯುವುದಕ್ಕೆ ಅಲ್ಲಿ ಈಗಿನ ರೂಪ ಬಂದದ್ದು ಎರಡನೇ ಮಹಾಯುದ್ಧದಲ್ಲಿ. ಲಕ್ಷಾಂತರ ಕಾರ್ಖಾನೆ ಕಾರ್ಮಿಕರು ಹೊಸದಾಗಿ ತೆರಿಗೆಗೆ ಬಂದರು. ಹಿಂದಿನ ಗಳಿಕೆ ನೋಡಿ ಈಗಿನ ಕೂಲಿಯಿಂದ ಹಿಡಿಯುತ್ತಿದ್ದರು. ಓವರ್‌ಟೈಮ್ ನಿಂತವನಿಗೆ ಓವರ್‌ಟೈಮ್ ಇದ್ದಾಗಿನ ತೆರಿಗೆ. ಇದನ್ನು ಸರಿಮಾಡಲು 1944ರ ಏಪ್ರಿಲ್‌ನಲ್ಲಿ ಗಳಿಸಿದ ಹಾಗೇ ಕಟ್ಟುವ ಪದ್ಧತಿ ಬಂತು. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಪಾಲ್ ಚೇಂಬರ್ಸ್ ಅದಕ್ಕೂ ಮೊದಲು ಭಾರತ ಸರ್ಕಾರಕ್ಕೆ ಆದಾಯ ತೆರಿಗೆ ಸಲಹೆಗಾರರಾಗಿದ್ದರು. ನಮ್ಮಲ್ಲಿ 1922ರ ಆದಾಯ ತೆರಿಗೆ ಕಾಯ್ದೆಯಲ್ಲೇ ಸಂಬಳದಿಂದ ಹಿಡಿಯುವ ನಿಯಮ ಇತ್ತು.

ಬ್ರಿಟನ್ನಿನವರು ಕೆಲಸ ಬದಲಿಸುವವರಿಗೂ ಒಂದು ದಾರಿ ಮಾಡಿಟ್ಟಿದ್ದಾರೆ. ಕೆಲಸ ಬಿಡುವಾಗ ಹಳೆಯ ಕಂಪನಿ ಪಿ45 ಅನ್ನುವ ಪತ್ರ ಕೊಡಲೇಬೇಕು. ಆ ವರ್ಷ ಎಷ್ಟು ಸಂಬಳ, ಎಷ್ಟು ತೆರಿಗೆ ಅಂತ ಅದರಲ್ಲಿ ಇರುತ್ತದೆ. ಹೊಸ ಕಂಪನಿ ಅಲ್ಲಿಂದ ಲೆಕ್ಕ ಮುಂದುವರಿಸುತ್ತದೆ. ನಮ್ಮ ಫಾರ್ಮ್ 12ಬಿ ಅದೇ ಕೆಲಸ ಮಾಡುತ್ತದೆ, ಆದರೆ ಕೊಡುವುದು ಬಿಡುವುದು ನೌಕರನ ಇಷ್ಟ. ಧಾರವಾಡದ ಹುಡುಗಿಯ 72,150ರ ಬಾಕಿ ಹುಟ್ಟಿದ್ದು ಈ ಸಂದಿಯಲ್ಲಿ.

## ಖರ್ಚು ಯಾರ ಮೇಲೆ, ಮಿತಿ ಎಲ್ಲಿ

ವಸೂಲಿಯ ಕೆಲಸ ಕಂಪನಿಗಳ ಮೇಲೆ ಹೋದಾಗ ಅದರ ಖರ್ಚೂ ಅವರ ಮೇಲೇ ಹೋಗುತ್ತದೆ. ಲೆಕ್ಕ ಬರೆಯುವವರು, ಸಾಫ್ಟ್‌ವೇರ್, ಆಡಿಟರ್ ಫೀಸು. ವಿವರ ಸಲ್ಲಿಸುವುದು ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ದೊಡ್ಡ ಕಂಪನಿಗೆ ಇದು ಲೆಕ್ಕಕ್ಕಿಲ್ಲ. ನಾಲ್ಕು ಜನ ಕೆಲಸದವರಿರುವ ಚಿಕ್ಕ ಸಂಸ್ಥೆಗೆ ಭಾರವೇ. ಜಾಸ್ತಿ ಹಿಡಿಸಿಕೊಂಡವರ ಹಣವೂ ರೀಫಂಡ್ ಬರುವವರೆಗೆ ಸರ್ಕಾರದ ಹತ್ತಿರ ಇರುತ್ತದೆ. ಅದಕ್ಕೆ ತಿಂಗಳಿಗೆ ಶೇ. 0.5 ಬಡ್ಡಿ ಕೊಡುತ್ತಾರೆ, ಆದರೆ ಅದು ಲೆಕ್ಕಕ್ಕೆ ಬರುವುದು ವರ್ಷ ಮುಗಿದು ಏಪ್ರಿಲ್ ಶುರುವಾದ ಮೇಲೆ. ನಿಮ್ಮಿಂದ ತಡವಾದರೆ ಶೇ. 1, ಅವರಿಂದ ತಡವಾದರೆ ಅರ್ಧ.

ಈ ಪದ್ಧತಿ ಮುಟ್ಟದ ಜಾಗವೂ ಇದೆ. ಹಿಡಿಯಲು ನಡುವೆ ಒಬ್ಬ ಲೆಕ್ಕ ಇಟ್ಟಿರುವ ಕೊಡುವವ ಬೇಕು. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು ಬಿಲ್ಲು ಕೊಡುವ ಗಿರಾಕಿ ಟಿಡಿಎಸ್ ಹಿಡಿಯುವುದಿಲ್ಲ, ಹಿಡಿಯಲು ಹೇಳುವುದೂ ಸಾಧ್ಯವಿಲ್ಲ. ಆದರೆ ಅದೇ ಹೋಟೆಲು ಒಂದು ಆಫೀಸಿನ ಕ್ಯಾಂಟೀನ್ ಗುತ್ತಿಗೆ ಹಿಡಿದರೆ ಆ ಬಿಲ್ಲಿನಿಂದ ಟಿಡಿಎಸ್ ಹೋಗುತ್ತದೆ. ಗುತ್ತಿಗೆದಾರರನ್ನು 1972ರಲ್ಲಿ, ವಕೀಲರು ಡಾಕ್ಟರರಂಥ ವೃತ್ತಿಯವರ ಫೀಸನ್ನು 1995ರಲ್ಲಿ ಟಿಡಿಎಸ್ ಒಳಗೆ ತಂದದ್ದು ಹೀಗೇ, ಕೊಡುವ ಕಡೆ ಲೆಕ್ಕ ಇಟ್ಟಿರುವ ಸಂಸ್ಥೆ ಎಲ್ಲೆಲ್ಲಿ ಇದೆ ಅಂತ ಹುಡುಕುತ್ತಾ. ಗಲ್ಲಾಪೆಟ್ಟಿಗೆಯ ವ್ಯಾಪಾರಕ್ಕೆ ಉಳಿದಿರುವುದು ಮಾಲೀಕರೇ ಅಂದಾಜು ಮಾಡಿ ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15ಕ್ಕೆ ಕಟ್ಟುವ ಅಡ್ವಾನ್ಸ್ ಟ್ಯಾಕ್ಸ್. ಸಣ್ಣ ವ್ಯಾಪಾರದವರು ಅಂದಾಜು ಲಾಭದ ಸರಳ ಯೋಜನೆ ಆರಿಸಿಕೊಂಡಿದ್ದರೆ ಮಾರ್ಚ್ 15ರ ಒಂದೇ ಕಂತು ಸಾಕು.